ತಪ್ಪು ದಿನಾಂಕ ಮತ್ತು ಲಾಗಿನ್ ಪುಟದ ಎಚ್ಚರಿಕೆ: ‘ಬೇರೆ ತಾಣ ತೆರೆಯುತ್ತದೆ’ ಎಂಬ ಸಾಕ್ಷ್ಯದ ಮಿತಿ

1. ಪ್ರಶ್ನೆ

ಲಾಗಿನ್ ಪುಟ ತೆರೆಯಹೋದಾಗ ಸಂಪರ್ಕ ಖಾಸಗಿಯಾಗಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ `NET::ERR_CERT_DATE_INVALID` ಎಂದಿರುತ್ತದೆ. ದೋಷ ತಾಣದ್ದೋ, ಕೈಯಲ್ಲಿರುವ ಸಾಧನದ್ದೋ ಎಂದು ತಿಳಿಯಲು ಹೆಚ್ಚಿನವರು ಮಾಡುವುದು ಒಂದೇ ಪರೀಕ್ಷೆ: ಬೇರೆ ಒಂದೆರಡು ತಾಣ ತೆರೆದು ನೋಡುವುದು. ಅವು ತೆರೆದರೆ ಸಾಧನ ಸರಿಯಿದೆ, ಈ ತಾಣದ ಪ್ರಮಾಣಪತ್ರವೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರಲಾಗುತ್ತದೆ.

ಈ ಪರೀಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಸಾಧನದ ದಿನಾಂಕ ವರ್ಷಗಟ್ಟಲೆ ತಪ್ಪಿದ್ದರೆ ಪರೀಕ್ಷೆ ಬಹುಮಟ್ಟಿಗೆ ಸರಿಯಾದ ಉತ್ತರ ಕೊಡುತ್ತದೆ. ತಪ್ಪು ಕೆಲವು ಗಂಟೆಗಳಿಂದ ಕೆಲವು ತಿಂಗಳವರೆಗಿನದಾಗಿದ್ದರೆ ಅದು ದಾರಿ ತಪ್ಪಿಸುವ ಸಾಧ್ಯತೆ ಗಣನೀಯವಾಗಿದೆ ಎಂಬುದನ್ನು ಲೆಕ್ಕದ ಮೂಲಕ ತೋರಿಸಬಹುದು ಎನ್ನಿಸುತ್ತದೆ. ಪ್ರಮಾಣಪತ್ರಗಳ ಅವಧಿ ಇತ್ತೀಚೆಗೆ ಕಿರಿದಾಗುತ್ತಿರುವುದರಿಂದ ಈ ಲೆಕ್ಕವೂ ಬದಲಾಗುತ್ತಿದೆ.

2. ಹೋಲಿಕೆಗೆ ಬರುವ ಮೂರು ಕ್ಷಣಗಳು

ತಾಣ ತನ್ನ ಗುರುತಿಗಾಗಿ ಕೊಡುವ ಪ್ರಮಾಣಪತ್ರದಲ್ಲಿ ಎರಡು ಕ್ಷಣಗಳು ದಾಖಲಾಗಿರುತ್ತವೆ: `notBefore`, ಅಂದರೆ ಪತ್ರ ಜಾರಿಗೆ ಬರುವ ಕ್ಷಣ, ಮತ್ತು `notAfter`, ಅಂದರೆ ಅದು ಮುಗಿಯುವ ಕ್ಷಣ. ಮೇ 2008ರ ಆರ್‌ಎಫ್‌ಸಿ 5280 ಇವುಗಳ ರೂಪವನ್ನು ನಿಗದಿಪಡಿಸುತ್ತದೆ. ಎರಡೂ ಸೆಕೆಂಡಿನವರೆಗೆ ನಿಖರವಾಗಿದ್ದು, ಜಾಗತಿಕ ಕಾಲಮಾನದಲ್ಲಿ ಇರುತ್ತವೆ. ಭಾರತೀಯ ಕಾಲಮಾನ ತಿಳಿಯಲು ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. 2049ರವರೆಗಿನ ವರ್ಷಗಳನ್ನು ಎರಡೇ ಅಂಕಿಯಲ್ಲಿ ಬರೆಯಬೇಕು, 50 ಮತ್ತು ಮೇಲಿನ ಅಂಕಿಯನ್ನು ಇಪ್ಪತ್ತನೆಯ ಶತಮಾನದ್ದೆಂದು ಓದಬೇಕು ಎಂಬ ನಿಯಮವೂ ಅಲ್ಲಿದೆ. ಪ್ರಸ್ತುತ ಪ್ರಶ್ನೆಗೆ ಅದು ಅಡ್ಡಬರುವುದಿಲ್ಲವಾದರೂ, ಪತ್ರವನ್ನು ಕಚ್ಚಾ ರೂಪದಲ್ಲಿ ಓದುವವರು ಗಮನದಲ್ಲಿಟ್ಟುಕೊಳ್ಳಬೇಕು.

ಮೂರನೆಯ ಕ್ಷಣ ಸಾಧನದ ಗಡಿಯಾರ ಹೇಳುವ ‘ಈಗ’. ಅದು ಮೊದಲಿನ ಎರಡರ ನಡುವೆ ಬೀಳಬೇಕು, ಬೀಳದಿದ್ದರೆ ಎಚ್ಚರಿಕೆ. ಗಡಿಯಾರ ಸರಿಯಿದೆಯೇ ಎಂಬ ಪ್ರಶ್ನೆಯನ್ನು ಈ ಹೋಲಿಕೆ ಕೇಳುವುದೇ ಇಲ್ಲ. ತಪ್ಪು ಗಡಿಯಾರವೂ ಅವಧಿಯ ಒಳಗೆ ಬಿದ್ದರೆ ಪಾಸಾಗುತ್ತದೆ. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಎಚ್ಚರಿಕೆಯ ಹೆಸರಿನಲ್ಲೂ ಒಂದು ಅಸ್ಪಷ್ಟತೆಯಿದೆ. ಕ್ರೋಮ್‌ನ ಮೇಲಿನ ಸಂಕೇತದ ಅಂಕಿ -201. ಪತ್ರ ಇನ್ನೂ ಜಾರಿಗೆ ಬಂದಿಲ್ಲ ಎನ್ನುವುದಕ್ಕೂ, ಅವಧಿ ಮುಗಿದಿದೆ ಎನ್ನುವುದಕ್ಕೂ ಅದು ಒಂದೇ. ಫೈರ್‌ಫಾಕ್ಸ್ ಇವೆರಡನ್ನು ಬೇರೆ ಮಾಡುತ್ತದೆ: ಮೊದಲನೆಯದಕ್ಕೆ `MOZILLA_PKIX_ERROR_NOT_YET_VALID_CERTIFICATE`, ಎರಡನೆಯದಕ್ಕೆ `SEC_ERROR_EXPIRED_CERTIFICATE`. ರೋಗ ಹುಡುಕುವವರಿಗೆ ಈ ಭೇದ ಬಹಳ ಬೆಲೆಯುಳ್ಳದ್ದು. ಇನ್ನೂ ಜಾರಿಗೆ ಬಾರದ ಪತ್ರವನ್ನು ಯಾವ ತಾಣವೂ ಸಾಮಾನ್ಯವಾಗಿ ಬಳಕೆಗೆ ಬಿಡುವುದಿಲ್ಲ. ಹಾಗಾಗಿ ಮೊದಲನೆಯ ಸಂಕೇತ ಕಂಡರೆ ಸಾಧನದ ಗಡಿಯಾರ ಹಿಂದಿದೆ ಎಂಬ ಊಹೆಗೆ ಬಲವಾದ ಆಧಾರ ಸಿಕ್ಕಂತೆ. ಎರಡನೆಯದರಿಂದ ಅಷ್ಟು ಹೇಳಲಾಗದು. ತಾಣದವರು ಪತ್ರ ನವೀಕರಿಸಲು ಮರೆತಿದ್ದರೂ ಅದೇ ಕಾಣುತ್ತದೆ.

3. ಅವಧಿಯ ಉದ್ದ, ತಪ್ಪಿನ ಗಾತ್ರ

ಸಾರ್ವಜನಿಕ ಪ್ರಮಾಣಪತ್ರಗಳ ಗರಿಷ್ಠ ಅವಧಿ ಮಾರ್ಚ್ 2018ರಿಂದ 825 ದಿನ, 1 ಸೆಪ್ಟೆಂಬರ್ 2020ರಿಂದ 398 ದಿನ. ಪ್ರಮಾಣಪತ್ರ ನೀಡುವ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಸೇರಿರುವ ಸಿಎ/ಬ್ರೌಸರ್ ಫೋರಂ ಏಪ್ರಿಲ್ 2025ರಲ್ಲಿ ಒಪ್ಪಿದ ನಿರ್ಣಯದಂತೆ ಇದು 15 ಮಾರ್ಚ್ 2026ರಿಂದ 200 ದಿನಕ್ಕೆ, 2027ರ ಅದೇ ದಿನದಿಂದ 100 ದಿನಕ್ಕೆ, 2029ರ ಅದೇ ದಿನದಿಂದ 47 ದಿನಕ್ಕೆ ಇಳಿಯುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಮೊದಲಿನಿಂದಲೂ 90 ದಿನದ ಪತ್ರಗಳನ್ನೇ ರೂಢಿಯಾಗಿ ಕೊಡುತ್ತ ಬಂದಿದೆ. ಅವುಗಳನ್ನು ಸುಮಾರು 60ನೆಯ ದಿನಕ್ಕೆ, ಅಂದರೆ 30 ದಿನ ಉಳಿದಿರುವಾಗಲೇ, ನವೀಕರಿಸುವುದು ವಾಡಿಕೆ.

ಈ ವಾಡಿಕೆಯನ್ನು ಆಧಾರವಾಗಿಟ್ಟು ಒಂದು ಸರಳ ಲೆಕ್ಕ ಹಾಕಬಹುದು. ಇಂಥ ತಾಣಗಳನ್ನು ಯಾವುದೋ ಒಂದು ದಿನ ನೋಡಿದರೆ ಅವುಗಳ ಪತ್ರದ ವಯಸ್ಸು 0ರಿಂದ 60 ದಿನದ ನಡುವೆ ಎಲ್ಲಾದರೂ ಇರುತ್ತದೆ. ಆ ವಯಸ್ಸುಗಳು ಸಮನಾಗಿ ಹಂಚಿವೆ ಎಂದು ಇಟ್ಟುಕೊಳ್ಳೋಣ. (ಇದು ಅನುಕೂಲಕ್ಕಾಗಿ ಮಾಡಿಕೊಂಡ ಊಹೆ, ವಾಸ್ತವದಲ್ಲಿ ಹಂಚಿಕೆ ಇಷ್ಟು ಸಮನಾಗಿರಲಾರದು.) ಗಡಿಯಾರ ಹತ್ತು ದಿನ ಹಿಂದಿದ್ದರೆ, ಹತ್ತು ದಿನಕ್ಕಿಂತ ಹೊಸದಾದ ಪತ್ರಗಳೆಲ್ಲ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದಾಗುತ್ತವೆ. ಆರು ತಾಣಗಳಲ್ಲಿ ಒಂದು ತೆರೆಯುವುದಿಲ್ಲ, ಐದು ತೆರೆಯುತ್ತವೆ. ಮೂವತ್ತು ದಿನ ಹಿಂದಿದ್ದರೆ ಅರ್ಧದಷ್ಟು ತೆರೆಯುವುದಿಲ್ಲ.

ಗಡಿಯಾರ ಮುಂದಿದ್ದರೆ ಚಿತ್ರವೇ ಬೇರೆ. ನವೀಕರಣದ ವೇಳೆಗೂ 30 ದಿನದ ಅವಕಾಶ ಉಳಿದಿರುವುದರಿಂದ, ಹತ್ತು ದಿನವಲ್ಲ, ಮೂವತ್ತು ದಿನ ಮುಂದಿದ್ದರೂ ಒಂದು ತಾಣವೂ ಎಚ್ಚರಿಕೆ ಕೊಡುವುದಿಲ್ಲ. ನಲವತ್ತೈದು ದಿನ ಮುಂದೆ ಹೋದಾಗ ನಾಲ್ಕರಲ್ಲಿ ಒಂದು ಕೆಡುತ್ತದೆ. ಅಂದರೆ ಒಂದೇ ಗಾತ್ರದ ತಪ್ಪು ಒಂದು ದಿಕ್ಕಿನಲ್ಲಿ ಅರ್ಧ ಜಾಲವನ್ನು ಮುಚ್ಚುತ್ತದೆ, ಇನ್ನೊಂದು ದಿಕ್ಕಿನಲ್ಲಿ ಗೋಚರವೇ ಆಗುವುದಿಲ್ಲ. ಬಳಕೆದಾರರ ಸಹಾಯಕ್ಕೆಂದು ಬರೆದ ಸೂಚನೆಗಳಲ್ಲಿ ಈ ಅಸಮತೆಯ ಉಲ್ಲೇಖ ವಿರಳ.

ಒಂದು ವರ್ಷದ ಪತ್ರಗಳ ಕಾಲದಲ್ಲಿ ಹತ್ತು ದಿನ ಹಿಂದಿದ್ದ ಗಡಿಯಾರ ನೂರರಲ್ಲಿ ಮೂರಕ್ಕಿಂತ ಕಡಿಮೆ ತಾಣಗಳಲ್ಲಿ ಎಡವುತ್ತಿತ್ತು. 47 ದಿನದ ಪತ್ರವನ್ನು 31ನೆಯ ದಿನಕ್ಕೆ ನವೀಕರಿಸಿದರೆ ಅದೇ ಹತ್ತು ದಿನದ ತಪ್ಪು ಮೂರರಲ್ಲಿ ಒಂದು ತಾಣವನ್ನು ಮುಚ್ಚುತ್ತದೆ. ಹಿಂದೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಿದ್ದ ಸಣ್ಣ ತಪ್ಪುಗಳು ಇನ್ನು ಮುಂದೆ ಹೆಚ್ಚಾಗಿ ಎಚ್ಚರಿಕೆಯ ರೂಪದಲ್ಲಿ ಹೊರಬೀಳಬಹುದು.

4. ಒಂದು ಪ್ರಸಂಗ, ದಿನಾಂಕ ಸಹಿತ

ಲೆಕ್ಕವನ್ನು ಒಂದು ಮಾದರಿ ಪ್ರಸಂಗದಲ್ಲಿ ನೋಡೋಣ. ಇಲ್ಲಿ ಮೂಲ ಪತ್ರ ಮತ್ತು ಮಧ್ಯದ ಪತ್ರದ ದಿನಾಂಕಗಳು ನಿಜವಾದವು. ತಾಣದ ಪತ್ರದ ದಿನಾಂಕ ಮಾತ್ರ ಲೆಕ್ಕಕ್ಕಾಗಿ ಇಟ್ಟುಕೊಂಡದ್ದು.

ಕಾಲೇಜು ಪ್ರಯೋಗಾಲಯದ ಒಂದು ಹಳೆಯ ಡೆಸ್ಕ್‌ಟಾಪ್. ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಸತ್ತಿದೆ. ಯಂತ್ರಕ್ಕೆ ಕರೆಂಟು ಇಲ್ಲದಿರುವಾಗ ಗಡಿಯಾರವನ್ನು ನಡೆಸುವುದು ಈ ಸೆಲ್. ಅದು ಸತ್ತ ಮೇಲೆ ಸ್ವಿಚ್ ಆಫ್ ಮಾಡಿದಾಗಲೆಲ್ಲ ಬಯೋಸ್ ತನ್ನಲ್ಲಿ ಬರೆದಿಟ್ಟ ಆರಂಭದ ದಿನಾಂಕಕ್ಕೆ ಮರಳುತ್ತದೆ. ಆ ದಿನಾಂಕ ತಯಾರಕರಿಂದ ತಯಾರಕರಿಗೆ ಬೇರೆ. ಇಲ್ಲಿ 1 ಜನವರಿ 2015 ಎಂದಿರಲಿ. ನಿಜವಾದ ದಿನ 5 ಫೆಬ್ರುವರಿ 2025.

ತೆರೆಯಬೇಕಾದ ಲಾಗಿನ್ ಪುಟದ ಪತ್ರ 10 ಜನವರಿ 2025ರಂದು ಜಾಗತಿಕ ಕಾಲಮಾನ 05:12:30ಕ್ಕೆ ಜಾರಿಗೆ ಬಂದು 10 ಏಪ್ರಿಲ್ 2025ರ 05:12:29ಕ್ಕೆ ಮುಗಿಯುತ್ತದೆ. ಅದಕ್ಕೆ ಸಹಿ ಹಾಕಿದ ಮಧ್ಯದ ಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನ `R10`: 13 ಮಾರ್ಚ್ 2024ರಿಂದ 12 ಮಾರ್ಚ್ 2027ರವರೆಗೆ. ಎಲ್ಲಕ್ಕೂ ಮೇಲಿನ ಮೂಲ ಪತ್ರ `ISRG Root X1`: 4 ಜೂನ್ 2015ರಿಂದ 4 ಜೂನ್ 2035ರವರೆಗೆ.

ಮೊದಲ ಹಂತದಲ್ಲಿ ಯಂತ್ರ 2015ರ ಜನವರಿಯಲ್ಲಿದೆ. ಆ ಗಡಿಯಾರದ ಕಣ್ಣಿಗೆ ಮೂರೂ ಪತ್ರಗಳು ಭವಿಷ್ಯದವು. ಬೇರೆ ಯಾವ ಸುರಕ್ಷಿತ ತಾಣ ತೆರೆದರೂ ಇದೇ ಗತಿ, ಏಕೆಂದರೆ ಆ ದಿನ ಜಾರಿಯಲ್ಲಿದ್ದು ಇಂದಿಗೂ ಬಳಕೆಯಲ್ಲಿರುವ ತಾಣದ ಪತ್ರ ಒಂದೂ ಇರಲಾರದು. ಎಲ್ಲ ಕಡೆಯೂ ಎಚ್ಚರಿಕೆ ಬರುವುದರಿಂದ ಸಾಧನದ ಮೇಲೆಯೇ ಸಂಶಯ ಹೋಗುತ್ತದೆ. ಒಂದನೆಯ ಭಾಗದಲ್ಲಿ ಹೇಳಿದ ಪರೀಕ್ಷೆ ಇಲ್ಲಿ ಸರಿಯಾಗಿ ಕೆಲಸ ಮಾಡಿತು.

ಎರಡನೆಯ ಹಂತದಲ್ಲಿ ಯಾರೋ ಬಯೋಸ್‌ಗೆ ಹೋಗಿ ದಿನಾಂಕ ತಿದ್ದುತ್ತಾರೆ. ಬಯೋಸ್ ಪರದೆಯಲ್ಲಿ ಸಾಮಾನ್ಯವಾಗಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ರೂಢಿಯಂತೆ 05/02/2025 ಎಂದು ತುಂಬಿದರೆ ಯಂತ್ರ ಅದನ್ನು 2 ಮೇ 2025 ಎಂದು ಓದುತ್ತದೆ. ಗಡಿಯಾರ ಈಗ 86 ದಿನ ಮುಂದೆ. ವರ್ಷ ಸರಿಯಿದೆ, ಗಂಟೆ ನಿಮಿಷ ಸರಿಯಿವೆ, ಪರದೆಯ ಮೂಲೆಯಲ್ಲಿ ಕಾಣುವ 02-05-2025 ಎಂಬ ಬರಹದಲ್ಲಿ ಅಂಕಿಗಳೂ ಪರಿಚಿತವಾಗಿಯೇ ಇವೆ. ಬೆಳಿಗ್ಗೆ ಹನ್ನೊಂದಕ್ಕೆ ಲಾಗಿನ್ ಪುಟ ತೆರೆದರೆ ಮತ್ತೆ ಅದೇ -201. ಆದರೆ ಈಗ ಅದರ ಅರ್ಥ ತಿರುಗುಮುರುಗಾಗಿದೆ: ಪತ್ರದ ಅವಧಿ ಮುಗಿದು 22 ದಿನವಾಗಿದೆ ಎನ್ನುತ್ತದೆ ಬ್ರೌಸರ್.

ದಾರಿ ತಪ್ಪಿಸುವುದು ಈ ಹಂತವೇ. ಆ ವರ್ಷದ ನವೆಂಬರಿನವರೆಗೆ ಪತ್ರವಿರುವ ಸುದ್ದಿ ತಾಣ ಅಡ್ಡಿಯಿಲ್ಲದೆ ತೆರೆಯುತ್ತದೆ. ಹಿಂದಿನ ದಿನ, ಅಂದರೆ ಫೆಬ್ರುವರಿ 4ರಂದು, 90 ದಿನದ ಪತ್ರ ನವೀಕರಿಸಿಕೊಂಡ ತಾಣವೂ ತೆರೆಯುತ್ತದೆ. ಅದರ ಪತ್ರ ಮೇ 5ರವರೆಗೆ ಇದೆ. ದಿನಾಂಕ ತಿದ್ದಿಯಾಗಿದೆ, ಬೇರೆ ತಾಣಗಳು ಬರುತ್ತಿವೆ, ಹಾಗಾಗಿ ಲಾಗಿನ್ ಪುಟದವರೇ ಪತ್ರ ನವೀಕರಿಸಿಲ್ಲ ಎಂಬ ತೀರ್ಮಾನ ಸಹಜವಾಗಿ ಕಾಣುತ್ತದೆ. ಅದು ತಪ್ಪು. ತಾಣದ ಪತ್ರಕ್ಕೆ ಇನ್ನೂ ಎರಡು ತಿಂಗಳ ಆಯುಸ್ಸಿದೆ.

ಇದೇ ಅದಲುಬದಲು ಎರಡು ದಿನ ಮೊದಲು, ಫೆಬ್ರುವರಿ 3ರಂದು, ಆಗಿದ್ದರೆ ಯಂತ್ರ ಮಾರ್ಚ್ 2ಕ್ಕೆ ಹೋಗುತ್ತಿತ್ತು. ಅದು 27 ದಿನದ ತಪ್ಪು. ಮೂರನೆಯ ಭಾಗದ ಲೆಕ್ಕದಂತೆ, ವಾಡಿಕೆಯಂತೆ ನವೀಕರಣವಾಗುವ 90 ದಿನದ ತಾಣಗಳಲ್ಲಿ ಒಂದೂ ದೂರು ಹೇಳುತ್ತಿರಲಿಲ್ಲ.

5. ಐದೂವರೆ ಗಂಟೆಯ ತಪ್ಪು

ಭಾರತೀಯ ಕಾಲಮಾನದ ಕಾರಣಕ್ಕೇ ಹುಟ್ಟುವ ಇನ್ನೊಂದು ಪ್ರಕಾರವನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಾಗ ಇದು ಬರುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಜಾಗತಿಕ ಕಾಲಮಾನ ಇದೆ ಎಂದು ಲಿನಕ್ಸ್ ಸಾಮಾನ್ಯವಾಗಿ ಎಣಿಸುತ್ತದೆ. ವಿಂಡೋಸ್ ಅದನ್ನು ಸ್ಥಳೀಯ ಕಾಲಮಾನ ಎಂದು ಓದುತ್ತದೆ. ಲಿನಕ್ಸ್ ಬಳಸಿ ಮುಗಿಸಿ ವಿಂಡೋಸ್ ತೆರೆದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ. ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದರೆ ಅಷ್ಟೇ ಮುಂದೆ.

ಐದೂವರೆ ಗಂಟೆ ಮುಂದಿರುವುದು ಬಹುತೇಕ ನಿರಪಾಯ. ಹಿಂದಿರುವುದು ಹಾಗಲ್ಲ. ಬಳಕೆದಾರರ ಗಡಿಯಾರಗಳು ಸ್ವಲ್ಪ ಹಿಂದಿರಬಹುದು ಎಂಬ ಅರಿವಿನಿಂದಲೇ ಲೆಟ್ಸ್ ಎನ್‌ಕ್ರಿಪ್ಟ್ ತನ್ನ ಪತ್ರದ `notBefore` ಅನ್ನು ನೀಡಿದ ಕ್ಷಣಕ್ಕಿಂತ ಸುಮಾರು ಒಂದು ಗಂಟೆ ಹಿಂದಕ್ಕೆ ಹಾಕುತ್ತದೆ. ಮೇಲಿನ ಉದಾಹರಣೆಯ ಪತ್ರ ನೀಡಿದ್ದು ಜನವರಿ 10ರಂದು ಭಾರತೀಯ ಕಾಲಮಾನ ಸುಮಾರು 11:42ಕ್ಕೆ. ಅದರೊಳಗೆ ಬರೆದಿರುವ ಆರಂಭ ಕ್ಷಣ ನಮ್ಮ ಕಾಲಮಾನದಲ್ಲಿ 10:42:30. ಐದೂವರೆ ಗಂಟೆ ಹಿಂದಿರುವ ಯಂತ್ರಕ್ಕೆ ಆ ಕ್ಷಣ ಬರುವುದು ನಿಜವಾದ ಸಮಯ ಸಂಜೆ 4:12:30ಕ್ಕೆ. ಅಲ್ಲಿಯವರೆಗೆ, ಸುಮಾರು ನಾಲ್ಕೂವರೆ ಗಂಟೆ, ಆ ಪುಟ ಎಚ್ಚರಿಕೆ ಕೊಡುತ್ತದೆ. ಆಮೇಲೆ ತಾನಾಗಿಯೇ ಸರಿಹೋಗುತ್ತದೆ.

ತಾನಾಗಿ ಬಂದು ತಾನಾಗಿ ಹೋದ ಇಂಥ ದೋಷವನ್ನು ತಾಣದ ನಿರ್ವಾಹಕರಿಗೆ ವರದಿ ಮಾಡಿದರೆ ಅವರ ಕಡೆ ಏನೂ ಸಿಗುವುದಿಲ್ಲ. ಪತ್ರ ನವೀಕರಣಗೊಂಡ ದಿನವೇ ವರದಿ ಬಂದಿರುವುದರಿಂದ ನವೀಕರಣವೇ ಕೆಟ್ಟಿತ್ತು ಎಂಬ ಶಂಕೆಗೂ ಎಡೆಯಾಗುತ್ತದೆ. ವರದಿಗಾರರ ಯಂತ್ರದ ಗಂಟೆಯನ್ನು ಕೇಳಿ ತಿಳಿಯದೆ ಇದನ್ನು ಬಿಡಿಸುವುದು ಕಷ್ಟ.

6. ಬ್ರೌಸರಿನ ಸ್ವಂತ ಅಂದಾಜು, ಅದರ ಮಿತಿ

ಗಡಿಯಾರವೇ ತಪ್ಪಿರಬಹುದು ಎಂಬುದನ್ನು ಬ್ರೌಸರ್ ತಯಾರಕರು ಅರಿಯದವರಲ್ಲ. 2017ರಲ್ಲಿ ಎಸಿಎಂನ ಸಿಸಿಎಸ್ ಸಮ್ಮೇಳನದಲ್ಲಿ ಪ್ರಕಟವಾದ, ಕ್ರೋಮ್‌ನ 30 ಕೋಟಿಗೂ ಹೆಚ್ಚು ಪ್ರಮಾಣಪತ್ರ ದೋಷಗಳನ್ನು ಪರಿಶೀಲಿಸಿದ ಅಧ್ಯಯನ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ ಸರ್ವರ್ ಅಲ್ಲ, ಬಳಕೆದಾರರ ಸಾಧನ ಅಥವಾ ಜಾಲ ಎಂದು ಕಂಡುಕೊಂಡಿತು. ತಪ್ಪು ಗಡಿಯಾರ ಆ ಕಾರಣಗಳಲ್ಲಿ ಪ್ರಮುಖವಾದದ್ದು.

ಆದ್ದರಿಂದ ಕ್ರೋಮ್ ಕೆಲವೊಮ್ಮೆ ಸಾಮಾನ್ಯ ಎಚ್ಚರಿಕೆಯ ಬದಲು `Your clock is behind` ಅಥವಾ `Your clock is ahead` ಎಂಬ ಬೇರೆಯದೇ ಪುಟ ತೋರಿಸುತ್ತದೆ. ಇದಕ್ಕೆ ಅದರ ಬಳಿ ಎರಡು ಆಧಾರಗಳಿವೆ. ಒಂದು, ತಯಾರಕರ ಸರ್ವರಿನಿಂದ ಕೇಳಿ ಪಡೆದ ಸಮಯ. ಈ ವಿಚಾರಣೆ ಸಾದಾ `http` ಮೂಲಕ ಹೋಗಿ, ಉತ್ತರ ಮಾತ್ರ ಸಹಿಯೊಂದಿಗೆ ಬರುತ್ತದೆ; `https` ಬಳಸಿದ್ದರೆ ತಪ್ಪು ದಿನಾಂಕದ ಕಾರಣ ಆ ವಿಚಾರಣೆಯೇ ಬಿದ್ದುಹೋಗುತ್ತಿತ್ತು. ಇನ್ನೊಂದು, ಬ್ರೌಸರ್ ಆವೃತ್ತಿ ಸಿದ್ಧವಾದ ದಿನಾಂಕ. ಕ್ರೋಮಿಯಂನ ಮೂಲ ಕೋಡ್‌ನ ಪ್ರಕಾರ, ಜಾಲದ ಸಮಯ ಸಿಗದಿದ್ದಾಗ, ಗಡಿಯಾರ ಆ ದಿನಾಂಕಕ್ಕಿಂತ ಎರಡು ದಿನಕ್ಕೂ ಹೆಚ್ಚು ಹಿಂದಿದ್ದರೆ ‘ಹಿಂದಿದೆ’ ಎಂದೂ, ಒಂದು ವರ್ಷಕ್ಕೂ ಹೆಚ್ಚು ಮುಂದಿದ್ದರೆ ‘ಮುಂದಿದೆ’ ಎಂದೂ ನಿರ್ಣಯವಾಗುತ್ತದೆ.

ಎರಡನೆಯ ಆಧಾರ ಒರಟಾದದ್ದು. ನಾಲ್ಕನೆಯ ಭಾಗದ 86 ದಿನದ ತಪ್ಪು ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಜಾಲದ ಸಮಯ ಸಿಗದಿದ್ದರೆ ಸಾಮಾನ್ಯ ಎಚ್ಚರಿಕೆಯೇ ಬರುತ್ತದೆ. ವಿರುದ್ಧ ದಿಕ್ಕಿನ ತಪ್ಪೂ ಸಾಧ್ಯ ಎಂದು ಕೋಡ್‌ನ ತರ್ಕದಿಂದ ಊಹಿಸಬಹುದು. ವಿಂಡೋಸ್ 7ಕ್ಕೆ ದೊರೆತ ಕೊನೆಯ ಕ್ರೋಮ್ ಆವೃತ್ತಿ 109. ಅದು ಜನವರಿ 2023ರದು. ಅಂಥ ಯಂತ್ರದ ಗಡಿಯಾರ ಇಂದು ಪೂರ್ತಿ ಸರಿಯಿದ್ದರೂ ಆವೃತ್ತಿಯ ದಿನಾಂಕಕ್ಕಿಂತ ಒಂದು ವರ್ಷಕ್ಕೂ ಹೆಚ್ಚು ಮುಂದಿದೆ. ಜಾಲದ ಸಮಯ ಸಿಗದೆ ಹೋಗಿ, ತಾಣದ ಪತ್ರದ ಅವಧಿ ನಿಜಕ್ಕೂ ಮುಗಿದಿದ್ದರೆ, ‘ನಿಮ್ಮ ಗಡಿಯಾರ ಮುಂದಿದೆ’ ಎಂಬ ತಪ್ಪು ಸೂಚನೆ ಬರಬಹುದು.

ಸಾಮಾನ್ಯ ಎಚ್ಚರಿಕೆಯ ಪುಟದಲ್ಲೇ ಹೆಚ್ಚು ಉಪಯುಕ್ತವಾದ ಮಾಹಿತಿ ಇದೆ, ಆದರೆ ಮುಚ್ಚಿಕೊಂಡಿದೆ. `Advanced` ಒತ್ತಿದರೆ ಪತ್ರ ಎಷ್ಟು ದಿನದ ಹಿಂದೆ ಮುಗಿಯಿತು ಎಂಬ ಅಂಕಿಯೂ, ಸಾಧನದ ಗಡಿಯಾರ ಈಗ ಯಾವ ದಿನ ತೋರಿಸುತ್ತಿದೆ ಎಂಬುದೂ ವಾರದ ಹೆಸರಿನ ಸಮೇತ ಬರುತ್ತದೆ. ಮೇಲಿನ ಪ್ರಸಂಗದಲ್ಲಿ ಅಲ್ಲಿ ಮೇ 2, ಶುಕ್ರವಾರ ಎಂದಿರುತ್ತಿತ್ತು. ನಿಜವಾದ ಫೆಬ್ರುವರಿ 5 ಬುಧವಾರ. ತಿಂಗಳ ಹೆಸರು ಅಕ್ಷರದಲ್ಲಿ ಇರುವುದರಿಂದ ಅಂಕಿಗಳ ಅದಲುಬದಲು ಇಲ್ಲಿ ಬಯಲಾಗುತ್ತದೆ. ಸಂಕೇತದ ಸಾಲಿನ ಮೇಲೆಯೇ ಒತ್ತಿದರೆ `Expires on` ಮತ್ತು `Current date` ಎಂಬ ಎರಡು ಸಾಲು ತೆರೆಯುತ್ತವೆ. ಜಾರಿಗೆ ಬಂದ ದಿನಾಂಕ ಅಲ್ಲಿಲ್ಲ. ಹಾಗಾಗಿ ಗಡಿಯಾರ ಹಿಂದಿರುವಾಗ ಈ ಎರಡು ಸಾಲು ನೋಡಿದವರಿಗೆ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ.

7. ಲಾಗಿನ್ ಪುಟದಲ್ಲೇ ಏಕೆ

ತಾಣದ ಮುಖಪುಟ ಬಂದು ಲಾಗಿನ್ ಪುಟ ಮಾತ್ರ ಬಾರದಿರುವುದು ಅಪರೂಪವಲ್ಲ. ಅನೇಕ ಸಂಸ್ಥೆಗಳಲ್ಲಿ ಲಾಗಿನ್ ಬೇರೆ ಸರ್ವರಿನಲ್ಲಿ, ಬೇರೆ ಹೆಸರಿನಲ್ಲಿ ಇರುತ್ತದೆ. ಅದರ ಪತ್ರ ಬೇರೆ, ನವೀಕರಣದ ದಿನ ಬೇರೆ. ಮೂರನೆಯ ಭಾಗದ ಲೆಕ್ಕದಂತೆ ಒಂದು ಅವಧಿಯ ಒಳಗೂ ಇನ್ನೊಂದು ಹೊರಗೂ ಬೀಳಬಹುದು. ಜೊತೆಗೆ ಲಾಗಿನ್ ಸರ್ವರುಗಳು ನವೆಂಬರ್ 2012ರ ಆರ್‌ಎಫ್‌ಸಿ 6797ರ ಎಚ್‌ಎಸ್‌ಟಿಎಸ್ ನಿಯಮವನ್ನು ಅನುಸರಿಸುವುದು ಹೆಚ್ಚು. ಆ ನಿಯಮವಿರುವ ಕಡೆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವ ಕೊಂಡಿಯನ್ನೇ ಬ್ರೌಸರ್ ತೋರಿಸುವುದಿಲ್ಲ.

ಇಲ್ಲದ ಕಡೆಯೂ ದಾಟಿ ಹೋಗಿ ಪಾಸ್‌ವರ್ಡ್ ತುಂಬುವುದು ಸರಿಯಲ್ಲ. ದಿನಾಂಕದ ದೋಷ ಎಂದು ಹೆಸರಿಟ್ಟುಕೊಂಡ ಮಾತ್ರಕ್ಕೆ ಅದು ನಿರಪಾಯ ಎಂದಾಗುವುದಿಲ್ಲ. ಎಚ್‌ಎಸ್‌ಟಿಎಸ್‌ನ ಅವಧಿಯನ್ನು ಬ್ರೌಸರ್ ಎಣಿಸುವುದೂ ಇದೇ ಗಡಿಯಾರದಿಂದ. ಭದ್ರತೆಯಿಲ್ಲದ ಸಮಯದ ಸಂದೇಶಗಳನ್ನು ನಡುವೆ ತಿರುಚಿ, ಗಡಿಯಾರವನ್ನು ಮುಂದಕ್ಕೆ ತಳ್ಳಿ, ಆ ರಕ್ಷಣೆ ಮುಗಿದುಹೋದಂತೆ ಮಾಡಬಹುದು ಎಂದು ಹೋಸೆ ಸೆಲ್ವಿ 2014ರ ಬ್ಲ್ಯಾಕ್ ಹ್ಯಾಟ್ ಯುರೋಪ್‌ನಲ್ಲಿ ತೋರಿಸಿಕೊಟ್ಟರು.

ಹಾಸ್ಟೆಲ್, ಹೋಟೆಲ್, ಕಾಲೇಜುಗಳ ವೈಫೈಗೆ ಸೇರುವಾಗ ಬರುವ ಲಾಗಿನ್ ಪುಟದ ತೊಡಕು ಇನ್ನೂ ಬಿಗಿಯಾದದ್ದು. ಲಾಗಿನ್ ಆಗುವವರೆಗೆ ಹೊರಗಿನ ಜಾಲ ಮುಚ್ಚಿರುತ್ತದೆ, ಸಮಯ ಸರಿಪಡಿಸುವ ಎನ್‌ಟಿಪಿ ಬಳಸುವ ಯುಡಿಪಿ 123ನೆಯ ಪೋರ್ಟ್ ಸಹ. ಸಮಯ ಸರಿಯಾಗದೆ ಪುಟ ತೆರೆಯದು, ಪುಟ ತೆರೆಯದೆ ಸಮಯ ಸರಿಯಾಗದು. ಸ್ವಯಂಚಾಲಿತ ಸಮಯದ ಆಯ್ಕೆಯನ್ನು ಆಫ್ ಮಾಡಿ ದಿನಾಂಕವನ್ನು ಕೈಯಿಂದ ತುಂಬುವುದೇ ಇಲ್ಲಿ ದಾರಿ. ಲಾಗಿನ್ ಆದ ಮೇಲೆ ಆಯ್ಕೆಯನ್ನು ಮತ್ತೆ ಆನ್ ಮಾಡಬೇಕು.

8. ಬೇರ್ಪಡಿಸುವ ಬಗೆ

ಬೇರೆ ತಾಣಗಳನ್ನು ತೆರೆದು ನೋಡುವ ಬದಲು, ಅದೇ ಪತ್ರದ ಎರಡು ದಿನಾಂಕಗಳನ್ನೂ ಸಾಧನದ ಸಮಯವನ್ನೂ ಒಂದೇ ಕಾಲಮಾನದಲ್ಲಿ ಪಕ್ಕಪಕ್ಕ ಇಟ್ಟು ನೋಡುವುದು ಹೆಚ್ಚು ನಂಬಬಹುದಾದ ಪರೀಕ್ಷೆ. ಲಿನಕ್ಸ್ ಅಥವಾ ಮ್ಯಾಕ್ ಯಂತ್ರದಲ್ಲಿ, `HOST` ಇರುವಲ್ಲಿ ಲಾಗಿನ್ ಪುಟದ ಸರ್ವರ್ ಹೆಸರು ಹಾಕಿ:

```
openssl s_client -connect HOST:443 -servername HOST </dev/null 2>/dev/null | openssl x509 -noout -dates
date -u
```

ಮೊದಲ ಆದೇಶ ದಿನಾಂಕ ತಪ್ಪಿದ್ದರೂ ನಿಲ್ಲದೆ ಪತ್ರವನ್ನು ತಂದು `notBefore`, `notAfter` ಎರಡನ್ನೂ ಜಾಗತಿಕ ಕಾಲಮಾನದಲ್ಲಿ ಕೊಡುತ್ತದೆ. ಎರಡನೆಯದು ಸಾಧನದ ನಂಬಿಕೆಯನ್ನು ಅದೇ ಕಾಲಮಾನದಲ್ಲಿ ಹೇಳುತ್ತದೆ. ಮೂರನೆಯ ಸಾಕ್ಷಿಯಾಗಿ ಈ ಯಂತ್ರಕ್ಕೆ ಸಂಬಂಧವಿಲ್ಲದ ಗಡಿಯಾರ ಬೇಕು. ಜೇಬಿನ ಫೋನು ಸಾಕು. ಫೋನಿನ ಸಮಯದಿಂದ ಐದೂವರೆ ಗಂಟೆ ಕಳೆದದ್ದು `date -u` ಕೊಟ್ಟದ್ದಕ್ಕೆ ಹೊಂದದಿದ್ದರೆ ದೋಷ ಸಾಧನದ್ದು. ಹೊಂದಿಯೂ ಅದು `notAfter` ಅನ್ನು ದಾಟಿದ್ದರೆ ತಾಣದ್ದು. ಮೂಲೆಯ ಗಡಿಯಾರವನ್ನಷ್ಟೇ ನೋಡುವುದು ಸಾಲದು: ಸಮಯವಲಯ ತಪ್ಪಿದ್ದು, ಗಂಟೆಯನ್ನು ಕೈಯಿಂದ ಸರಿಮಾಡಿದ್ದರೆ, ಕಣ್ಣಿಗೆ ಸರಿಯಾದ ಸಮಯ ಕಂಡರೂ ಒಳಗಿನ ಜಾಗತಿಕ ಸಮಯ ತಪ್ಪಿರುತ್ತದೆ.

ಎರಡೂ ಸರಿಯಿದ್ದು ಎಚ್ಚರಿಕೆ ಬರುವ ಮೂರನೆಯ ಸಾಧ್ಯತೆಯೂ ಇದೆ. 30 ಸೆಪ್ಟೆಂಬರ್ 2021ರಂದು `DST Root CA X3` ಎಂಬ ಹಳೆಯ ಮೂಲ ಪತ್ರದ ಅವಧಿ ಮುಗಿಯಿತು. ದಿನಾಂಕ ಸರಿಯಿದ್ದ, ತಾಣದ ಪತ್ರವೂ ಸರಿಯಿದ್ದ ಅನೇಕ ಹಳೆಯ ಸಾಧನಗಳು ಅಂದಿನಿಂದ ಎಚ್ಚರಿಕೆ ಕೊಡತೊಡಗಿದವು, ಏಕೆಂದರೆ ಹೊಸ ಮೂಲ ಪತ್ರ ಅವುಗಳ ಪಟ್ಟಿಯಲ್ಲಿರಲಿಲ್ಲ. ಹಳೆಯ ಆಂಡ್ರಾಯ್ಡ್ ಫೋನುಗಳು ಮೂಲ ಪತ್ರದ ಮುಕ್ತಾಯವನ್ನು ಪರಿಶೀಲಿಸುತ್ತಿರಲಿಲ್ಲವಾದ್ದರಿಂದ ಪಾರಾದವು. ಮೇಲಿನ ಆದೇಶ ತಾಣದ ಪತ್ರವನ್ನಷ್ಟೇ ತೋರಿಸುತ್ತದೆ. ಸರಪಳಿಯ ಮೇಲಿನ ಕೊಂಡಿಗಳನ್ನು ನೋಡಲು `|` ಮತ್ತು ಅದರ ಮುಂದಿನ ಭಾಗವನ್ನು ತೆಗೆದು, `s_client` ಆದೇಶಕ್ಕೆ `-showcerts` ಸೇರಿಸಬೇಕು.

9. ತಿದ್ದಿದ್ದು ನಿಲ್ಲದಿರುವುದು

ಸಮಯವನ್ನು ಜಾಲದಿಂದ ಪಡೆಯುವ ಆಯ್ಕೆ ಆನ್ ಇದ್ದರೂ ದಿನಾಂಕ ತಪ್ಪೇ ಉಳಿಯುವುದಕ್ಕೆ ಮೈಕ್ರೋಸಾಫ್ಟ್‌ನ ದಾಖಲೆಗಳಲ್ಲಿ ಒಂದು ಸ್ಪಷ್ಟ ಕಾರಣ ಸಿಗುತ್ತದೆ. ಯಾವುದೇ ಡೊಮೇನಿಗೆ ಸೇರದ ವಿಂಡೋಸ್ ಯಂತ್ರದಲ್ಲಿ `MaxPosPhaseCorrection`, `MaxNegPhaseCorrection` ಎಂಬ ಎರಡು ಮಿತಿಗಳ ರೂಢಿಯ ಬೆಲೆ 54,000 ಸೆಕೆಂಡು, ಅಂದರೆ 15 ಗಂಟೆ. ಅದಕ್ಕಿಂತ ದೊಡ್ಡ ತಿದ್ದುಪಡಿ ಬೇಕಾದಾಗ ಸಮಯ ಸೇವೆ ಗಡಿಯಾರವನ್ನು ಮುಟ್ಟದೆ, ಘಟನೆಯನ್ನು ಲಾಗ್‌ನಲ್ಲಿ ಬರೆದು ಸುಮ್ಮನಾಗುತ್ತದೆ. ಐದೂವರೆ ಗಂಟೆಯ ತಪ್ಪು ಈ ಮಿತಿಯ ಒಳಗಿದೆ, ತಾನಾಗಿ ತಿದ್ದಿಹೋಗಬಹುದು. 86 ದಿನದ್ದೂ ಹತ್ತು ವರ್ಷದ್ದೂ ಹೊರಗಿವೆ.

ಈ ಅಂತರ ತುಂಬಲು ವಿಂಡೋಸ್ 10ರಲ್ಲಿ ಬಂದ `Secure Time Seeding` ಎಂಬ ವ್ಯವಸ್ಥೆ, ಸುರಕ್ಷಿತ ಸಂಪರ್ಕದ ಆರಂಭದಲ್ಲಿ ಸರ್ವರುಗಳು ಕಳಿಸುವ ಸಮಯದಿಂದ ‘ಈಗ’ವನ್ನು ಅಂದಾಜಿಸುತ್ತದೆ. ಟಿಎಲ್‌ಎಸ್ 1.2ರಲ್ಲಿ ಸರ್ವರಿನ ಮೊದಲ ಸಂದೇಶದ ನಾಲ್ಕು ಬೈಟುಗಳಲ್ಲಿ ಸಮಯ ಇರಬೇಕೆಂಬ ರೂಢಿಯಿತ್ತು. ಓಪನ್‌ಎಸ್‌ಎಸ್‌ಎಲ್ ಬಳಸುವ ಸರ್ವರುಗಳು ಅಲ್ಲಿ ಯಾದೃಚ್ಛಿಕ ಅಂಕಿಗಳನ್ನು ತುಂಬುತ್ತವೆ. ಸರಿಯಾಗಿದ್ದ ಗಡಿಯಾರಗಳು ಇದರಿಂದ ಇದ್ದಕ್ಕಿದ್ದಂತೆ ದೂರದ ದಿನಾಂಕಕ್ಕೆ ಜಿಗಿದವು ಎಂಬ ದೂರುಗಳು 2023ರ ಆಗಸ್ಟ್‌ನಲ್ಲಿ ಸುದ್ದಿಯಾದವು. ಮದರ್‌ಬೋರ್ಡಿನ ಸೆಲ್ ಹೊಸದಾಗಿದ್ದು, ಆದರೂ ದಿನಾಂಕ ತಿಂಗಳುಗಟ್ಟಲೆ ಜಿಗಿಯುವ ಯಂತ್ರಗಳಲ್ಲಿ ಈ ವ್ಯವಸ್ಥೆಯನ್ನು ಪರಿಶೀಲಿಸಬೇಕು. ಪ್ರತಿ ಬಾರಿ ಪ್ಲಗ್ ತೆಗೆದು ಹಾಕಿದ ಮೇಲೆ ಒಂದೇ ಹಳೆಯ ದಿನಾಂಕಕ್ಕೆ ಮರಳುವ ಯಂತ್ರದಲ್ಲಿ ಸೆಲ್ ಬದಲಿಸಬೇಕು.